ದಾರಿಯಲ್ಲಿ ನೆನೆದ ಅಡಿಕೆಗೆ ಹಣ ಕೊಡುವವರು ಯಾರು?
ಸರಕು ಸಾಗಾಟ ವಿಮೆಯ ಕುರಿತು ಕೃಷಿಕರು ತಿಳಿದಿರಬೇಕಾದುದು

ದೇಲಂಪಾಡಿ ಕಡೆಯ ಕೃಷಿಕರೊಬ್ಬರು ಈ ಪುಟಕ್ಕೆ ಒಂದು ಪ್ರಶ್ನೆ ಕಳುಹಿಸಿದ್ದಾರೆ. ನೆರೆಹೊರೆಯ ನಾಲ್ಕು ಮನೆಯವರ ಚಾಲಿ ಅಡಿಕೆಯನ್ನು ಒಟ್ಟುಗೂಡಿಸಿ ಅವರು ಅಹಮದಾಬಾದಿನ ಮಂಡಿಗೆ ಲಾರಿಯಲ್ಲಿ ಕಳುಹಿಸುವುದುಂಟು. ಕಳೆದ ಮಳೆಗಾಲದಲ್ಲಿ ಕೆಲವು ಚೀಲಗಳು ದಾರಿಯಲ್ಲಿ ನೆನೆದು ಬೂಷ್ಟು ಹಿಡಿದುವು. ಲಾರಿಯವರನ್ನು ಕೇಳಿದರೆ, “ವಿಮೆ ಉಂಟಲ್ಲ, ಅಲ್ಲಿ ಕೇಳಿ” ಎಂದರಂತೆ. ವಿಮೆಯವರನ್ನು ಕೇಳಿದರೆ, “ನಿಮ್ಮ ಪಾಲಿಸಿಯಲ್ಲಿ ಮಳೆ ನೀರಿನ ನಷ್ಟ ಸೇರಿಲ್ಲ” ಎಂದರಂತೆ. “ಹಾಗಾದರೆ ನಾನು ಹಣ ಕಟ್ಟಿದ್ದು ಯಾತಕ್ಕೆ?” ಎಂದು ಅವರು ಕೇಳಿದ್ದಾರೆ.

ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಕೊಡಬೇಕಾದರೆ ಸಾಗಾಟ ವಿಮೆಯ ಬಗೆಗಳು ಯಾವುವು, ಯಾವುದು ಯಾವ ನಷ್ಟವನ್ನು ತುಂಬಿಕೊಡುತ್ತದೆ, ನಷ್ಟವಾದಾಗ ನಾವು ಮಾಡಬೇಕಾದುದೇನು ಎಂಬುದನ್ನು ಕ್ರಮವಾಗಿ ನೋಡಬೇಕು.

ಕಡಲಿನ ಹೆಸರು, ರಸ್ತೆಯ ಕೆಲಸ

ಲಾರಿಯಲ್ಲಿ ಹೋಗುವ ಅಡಿಕೆಗೂ ‘ಮೆರೈನ್’, ಅಂದರೆ ಸಮುದ್ರ ವಿಮೆ ಎಂದೇ ಹೆಸರು. ಇದು ಕೇಳುವವರಿಗೆ ವಿಚಿತ್ರವೆನಿಸಬಹುದು. ಸರಕಿಗೆ ವಿಮೆ ಮಾಡುವ ಪದ್ಧತಿ ಹುಟ್ಟಿದ್ದೇ ಹಡಗಿನ ವ್ಯಾಪಾರದಲ್ಲಿ. ನಮ್ಮ ಕರಾವಳಿಯ ಅಡಿಕೆ, ಮೆಣಸು, ತೆಂಗಿನ ಹುಟ್ಟುವಳಿಗಳು ಹಿಂದೆ ಪತ್ತೆಮಾರಿಗಳಲ್ಲಿ ಮುಂಬಯಿಗೂ ಗುಜರಾತಿಗೂ ಹೋಗುತ್ತಿದ್ದುವು. ಈಗ ಅದೇ ಸರಕು ಲಾರಿಯಲ್ಲಿ ಹೋಗುತ್ತದೆ. ದಾರಿ ಬದಲಾಯಿತು, ವಿಮೆಯ ಹೆಸರು ಹಾಗೆಯೇ ಉಳಿಯಿತು. ನಮ್ಮ ದೇಶದ ವಿಮಾ ಕಾನೂನು ನೆಲದ ಸಾಗಾಟದ ವಿಮೆಯನ್ನೂ ಈ ವರ್ಗದಲ್ಲಿಯೇ ಸೇರಿಸಿದೆ. ಇದರ ಮೂಲ ನಿಯಮಗಳು 1963ರ ಸಮುದ್ರ ವಿಮಾ ಕಾಯಿದೆಯಲ್ಲಿವೆ.

ಆದುದರಿಂದ ವಿಮಾ ಕಚೇರಿಗೆ ಹೋಗಿ ‘ಲಾರಿ ವಿಮೆ’ ಎಂದು ಕೇಳಬಾರದು. ಹಾಗೆಂದರೆ ಅವರು ಲಾರಿಯ ವಾಹನ ವಿಮೆ ಎಂದು ತಿಳಿದುಕೊಳ್ಳುತ್ತಾರೆ. ಲಾರಿಯ ಧಣಿಗಳು ಮಾಡಿಸಿದ ವಾಹನ ವಿಮೆ ಲಾರಿಗೆ, ಲಾರಿಯಿಂದ ಪೆಟ್ಟಾದ ಮೂರನೆಯವರಿಗೆ ಸಂಬಂಧಿಸಿದ್ದು. ಒಳಗಿರುವ ನಿಮ್ಮ ಅಡಿಕೆಗೆ ಅದರಿಂದ ಒಂದು ಕಾಸೂ ಬರುವುದಿಲ್ಲ. ‘ಸರಕಿನ ಸಾಗಾಟ ವಿಮೆ, ರಸ್ತೆಯ ಮೂಲಕ’ ಎಂದು ಸ್ಪಷ್ಟವಾಗಿ ಹೇಳಬೇಕು.

ವಿಮೆ ಮಾಡಿಸಬೇಕಾದವರು ಯಾರು?

ಸರಕು ದಾರಿಯಲ್ಲಿ ಹಾಳಾದರೆ ಯಾರ ಕಿಸೆಯಿಂದ ಹಣ ಹೋಗುವುದೋ ಅವರಿಗೆ ಮಾತ್ರ ವಿಮೆಯ ಹಕ್ಕು. ಇದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ನೀವು ಅಡಿಕೆಯನ್ನು ಊರಿನ ವ್ಯಾಪಾರಿಗೆ ಕೊಟ್ಟು ತೂಕ ಮಾಡಿಸಿ ಮಾರಾಟ ಮುಗಿಸಿದಿರೆನ್ನಿ. ಅಥವಾ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊದಂತಹ ಸಹಕಾರಿ ಸಂಸ್ಥೆಯ ಖರೀದಿ ಕೇಂದ್ರದಲ್ಲಿ ಮಾರಿದಿರೆನ್ನಿ. ಅಲ್ಲಿಗೆ ಸರಕು ಅವರದಾಯಿತು. ಆ ಮೇಲೆ ಅದು ದಾರಿಯಲ್ಲಿ ಏನಾದರೂ ನಷ್ಟ ಅವರದು, ವಿಮೆಯೂ ಅವರದೇ. ನೀವು ಚಿಂತಿಸಬೇಕಾದುದಿಲ್ಲ. ಮನೆಯಿಂದ ಖರೀದಿ ಕೇಂದ್ರಕ್ಕೆ ಮುಟ್ಟುವ ವರೆಗಿನ ದಾರಿ ಮಾತ್ರ ನಿಮ್ಮ ಜವಾಬ್ದಾರಿ.

ಆದರೆ ಅಹಮದಾಬಾದಿನ ಮಂಡಿಯವರಿಗೆ ದಲಾಲಿಯ ಮೇಲೆ ಮಾರಿಕೊಡಲು ಕಳುಹಿಸಿದರೆ ವಿಷಯ ಬೇರೆ. ದಲಾಲರು ನಿಮ್ಮ ಪರವಾಗಿ ಮಾರುವವರೇ ಹೊರತು ಕೊಂಡವರಲ್ಲ. ಅಲ್ಲಿ ಮಾರಾಟವಾಗುವ ತನಕ ಅಡಿಕೆ ನಿಮ್ಮದೇ. ದಾರಿಯ ನಷ್ಟವೂ ನಿಮ್ಮದೇ. ನಮ್ಮ ಪ್ರಶ್ನೆಕಾರರ ಸ್ಥಿತಿ ಇದು. ನಾಲ್ಕು ಮನೆಯವರ ಸರಕು ಒಂದೇ ಲಾರಿಯಲ್ಲಿದ್ದರೆ ಯಾರ ಚೀಲ ಎಷ್ಟು ಎಂಬ ಪಟ್ಟಿ ಇಟ್ಟು, ವಿಮೆ ಮಾಡಿಸುವವರು ಎಲ್ಲರ ಪರವಾಗಿಯೂ ಮಾಡಿಸುತ್ತಿದ್ದಾರೆಂದು ಅರ್ಜಿಯಲ್ಲಿಯೇ ಬರೆಸಬೇಕು. ಇಲ್ಲವಾದರೆ, “ಈ ಹದಿನೆಂಟು ಚೀಲ ನಿಮ್ಮದಲ್ಲವಲ್ಲ?” ಎಂಬ ಪ್ರಶ್ನೆ ನಷ್ಟವಾದ ಮೇಲೆ ಬರುತ್ತದೆ.

ಲಾರಿಯವರೇ ಕೊಡಬಾರದೇಕೆ?

“ನನ್ನ ಸರಕನ್ನು ಹಾಳುಮಾಡಿದವನು ಸಾಗಾಟದವನು, ಅವನೇ ಕೊಡಲಿ, ವಿಮೆ ಯಾಕೆ?” ಎನ್ನುವವರಿದ್ದಾರೆ. ಸಾಗಾಟ ಕಂಪೆನಿಗೆ ಹೊಣೆ ಇರುವುದು ನಿಜ. ಆದರೆ ಆ ಹೊಣೆಗೆ ಮಿತಿಯುಂಟು. 2007ರ ರಸ್ತೆ ಸಾಗಾಟ ಕಾಯಿದೆ ಮತ್ತು ಅದರ ಮೇಲೆ 2011ರಲ್ಲಿ ಬಂದ ನಿಯಮಗಳ ಪ್ರಕಾರ, ಹೆಚ್ಚಿನ ಹೊಣೆಗೆಂದು ಹೆಚ್ಚು ಬಾಡಿಗೆ ಕೊಡಲು ಲಿಖಿತವಾಗಿ ಒಪ್ಪಿಕೊಳ್ಳದಿದ್ದರೆ, ಸಾಗಾಟ ಕಂಪೆನಿಯ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಅದು ಕೂಡ ನೀವು ತಿಳಿಸಿದ ಸರಕಿನ ಬೆಲೆಯನ್ನು ಮೀರುವಂತಿಲ್ಲ.

ಒಂದು ಲೆಕ್ಕ ನೋಡಿ. 65 ಕಿಲೋದ 100 ಚೀಲ ಚಾಲಿ, ಅಂದರೆ 6,500 ಕಿಲೋ. ಲೆಕ್ಕಕ್ಕೆ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡರೆ ಬೆಲೆ 26 ಲಕ್ಷ. ಬಾಡಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಲಾರಿ ಸುಟ್ಟು ಇಡೀ ಸರಕು ಬೂದಿಯಾದರೂ ಸಾಗಾಟ ಕಂಪೆನಿಯ ಹೊಣೆ 4 ಲಕ್ಷಕ್ಕೆ ನಿಂತಿತು. ಉಳಿದ 22 ಲಕ್ಷಕ್ಕೆ ಉತ್ತರ ಹೇಳುವವರು ಯಾರು? ಅದಕ್ಕಾಗಿಯೇ ವಿಮೆ.

ಪೂರ್ಣ ರಕ್ಷಣೆ ಮತ್ತು ಮಿತ ರಕ್ಷಣೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನೆಲದ ಸಾಗಾಟದ ಪಾಲಿಸಿಯಲ್ಲಿ ಮೂರು ಬಗೆಯ ಷರತ್ತುಗಳಿವೆ. ಅವುಗಳನ್ನು ಎ, ಬಿ, ಸಿ ಎಂದು ಕರೆಯುತ್ತಾರೆ.

ಸಿ ಎಂಬುದು ಅತ್ಯಂತ ಚಿಕ್ಕದು. ಬೆಂಕಿ ಮತ್ತು ಸಿಡಿಲು, ಇವೆರಡರಿಂದಾದ ನಷ್ಟಕ್ಕೆ ಮಾತ್ರ ಅದು ಹಣ ಕೊಡುತ್ತದೆ.

ಬಿ ಎಂಬುದು ಅದಕ್ಕಿಂತ ಸ್ವಲ್ಪ ದೊಡ್ಡದು. ಬೆಂಕಿ, ಸಿಡಿಲುಗಳ ಜತೆಗೆ ಸೇತುವೆ ಮುರಿಯುವುದು, ವಾಹನ ಡಿಕ್ಕಿಯಾಗುವುದು, ಲಾರಿ ಮಗುಚುವುದು, ರೈಲು ಹಳಿ ತಪ್ಪುವುದು ಮತ್ತು ಇಂಥದೇ ಅಪಘಾತಗಳು ಇದರಲ್ಲಿ ಸೇರುತ್ತವೆ. ಪಟ್ಟಿಯಲ್ಲಿ ಹೆಸರಿದ್ದರೆ ಹಣ ಉಂಟು, ಹೆಸರಿಲ್ಲದಿದ್ದರೆ ಇಲ್ಲ. ಕಳವು ಆ ಪಟ್ಟಿಯಲ್ಲಿಲ್ಲ. ಟಾರ್ಪಾಲಿನ ಹರಿದ ಜಾಗದಿಂದ ಸುರಿದ ಮಳೆಯೂ ಇಲ್ಲ. ಹಮಾಲರು ಕೊಕ್ಕೆ ಹಾಕಿ ಹರಿದ ಚೀಲವೂ ಇಲ್ಲ. ನಮ್ಮ ಪ್ರಶ್ನೆಕಾರರ ಕೈಯಲ್ಲಿದ್ದುದು ಈ ಬಗೆಯ ಪಾಲಿಸಿ. ಪ್ರೀಮಿಯಂ ಕಡಿಮೆ ಎಂದು ಕೊಂಡರು. ಯಾಕೆ ಕಡಿಮೆ ಎಂದು ಕೇಳಲಿಲ್ಲ.

ಎ ಎಂಬುದು ‘ಆಲ್ ರಿಸ್ಕ್’, ಎಂದರೆ ಎಲ್ಲ ಅಪಾಯಗಳ ರಕ್ಷಣೆ. ಇದರಲ್ಲಿ ಪಟ್ಟಿ ಇರುವುದು ಸೇರಿದ ಅಪಾಯಗಳದ್ದಲ್ಲ, ಹೊರಗಿಟ್ಟ ಅಪಾಯಗಳದ್ದು. ಹೊರಗಿಟ್ಟದ್ದನ್ನು ಬಿಟ್ಟು ದಾರಿಯಲ್ಲಿ ಆಕಸ್ಮಿಕವಾಗಿ ಸಂಭವಿಸಿದ ಯಾವುದೇ ನಷ್ಟಕ್ಕೂ ಹಣ ಸಿಗುತ್ತದೆ. ಕಳವು, ಮಳೆ ನೀರು, ಚೀಲ ಹರಿದು ಚೆಲ್ಲಿದ್ದು, ಚೀಲ ತಲುಪದೇ ಹೋದದ್ದು ಎಲ್ಲ ಇದರಲ್ಲಿ ಬರುತ್ತವೆ.

ಇಲ್ಲಿ ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಬಿ ಪಾಲಿಸಿಯಲ್ಲಿ, “ನನ್ನ ನಷ್ಟ ಇಂಥ ಅಪಘಾತದಿಂದಲೇ ಆಯಿತು” ಎಂದು ತೋರಿಸಿಕೊಡುವ ಭಾರ ನಿಮ್ಮ ಮೇಲಿದೆ. ಎ ಪಾಲಿಸಿಯಲ್ಲಿ ಸರಕು ಒಳ್ಳೆಯ ಸ್ಥಿತಿಯಲ್ಲಿ ಹೊರಟಿತು, ಹಾಳಾಗಿ ತಲುಪಿತು, ಆದದ್ದು ಆಕಸ್ಮಿಕ ಎಂಬಷ್ಟನ್ನು ನೀವು ತೋರಿಸಿದರೆ ಸಾಕು. ಅದು ಹೊರಗಿಟ್ಟ ಕಾರಣದಿಂದ ಆದದ್ದು ಎನ್ನುವುದಾದರೆ ಹಾಗೆಂದು ಸಾಧಿಸುವ ಭಾರ ವಿಮಾ ಕಂಪೆನಿಯದು. ದೇಲಂಪಾಡಿಯಲ್ಲಿ ಕುಳಿತ ನಮಗೆ ದೂರದ ಹೆದ್ದಾರಿಯಲ್ಲಿ ರಾತ್ರಿ ಏನು ನಡೆಯಿತೆಂದು ಹೇಗೆ ಗೊತ್ತಾಗಬೇಕು? ಪ್ರೀಮಿಯಂನ ಹೆಚ್ಚಿನ ಹಣಕ್ಕೆ ಸಿಗುವ ದೊಡ್ಡ ಅನುಕೂಲ ಇದು.

ಎಲ್ಲ ಅಪಾಯ ಎಂದರೂ ಎಲ್ಲವೂ ಅಲ್ಲ

ಹೆಸರು ಕೇಳಿ ಮೋಸಹೋಗಬಾರದು. ಎ ಪಾಲಿಸಿಯಲ್ಲಿಯೂ ಹಣ ಸಿಗದ ನಷ್ಟಗಳಿವೆ. ಅಡಿಕೆಯವರಿಗೆ ಸಂಬಂಧಿಸಿದವು ಮುಖ್ಯವಾಗಿ ನಾಲ್ಕು.

ಒಂದನೆಯದು, ಸಹಜವಾದ ತೂಕದ ಇಳಿತ. ಅಡಿಕೆ ದಾರಿಯಲ್ಲಿ ಇನ್ನೂ ಸ್ವಲ್ಪ ಒಣಗಿ ತೂಕ ಇಳಿಯುವುದು ಆಕಸ್ಮಿಕವಲ್ಲ, ಅದು ಸರಕಿನ ಗುಣ. ಅದಕ್ಕೆ ಹಣವಿಲ್ಲ.

ಎರಡನೆಯದು, ಸರಕಿನ ಒಳಗಿನ ದೋಷ. ಸರಿಯಾಗಿ ಒಣಗದ ಅಡಿಕೆಯನ್ನು ಚೀಲಕ್ಕೆ ತುಂಬಿ ಕಳುಹಿಸಿ, ಅದು ಬೆವತು ಬೂಷ್ಟು ಹಿಡಿದರೆ ಅದು ದಾರಿಯ ತಪ್ಪಲ್ಲ, ಅಂಗಳದ ತಪ್ಪು. ಸರ್ವೇಯರರು ಇದನ್ನು ಹೇಗೆ ಕಂಡುಹಿಡಿಯುತ್ತಾರೆಂದು ನಾವೂ ತಿಳಿದಿರುವುದು ಒಳ್ಳೆಯದು. ಹೊರಗಿನ ನೀರು ಬಿದ್ದಿದ್ದರೆ ಮೇಲಿನ ಸಾಲಿನ ಅಥವಾ ಒಂದು ಬದಿಯ ಚೀಲಗಳು ಮಾತ್ರ ನೆನೆದಿರುತ್ತವೆ. ಗೋಣಿಯ ಮೇಲೆ ನೀರಿನ ಕಲೆ ಇರುತ್ತದೆ. ಕೆಳಗಿನ, ನಡುವಿನ ಚೀಲಗಳು ಒಣಗಿಯೇ ಇರುತ್ತವೆ. ಟಾರ್ಪಾಲಿನ ಹರಿದ ಜಾಗ ನೆನೆದ ಚೀಲಗಳ ಮೇಲ್ಭಾಗಕ್ಕೇ ಸರಿಯಾಗಿ ಬರುತ್ತದೆ. ಒಳಗಿನ ಹಸಿಯಿಂದ ಕೆಟ್ಟಿದ್ದರೆ ಗೋಣಿಯ ಹೊರಗೆ ಕಲೆ ಇರುವುದಿಲ್ಲ. ಬೂಷ್ಟು ಚೀಲದ ನಡುವಿನಿಂದ ಸುರುವಾಗಿರುತ್ತದೆ, ಕೈ ಹಾಕಿದರೆ ಬೆಚ್ಚಗಿರುತ್ತದೆ. ಎಲ್ಲ ಕಡೆಯ ಚೀಲಗಳೂ ಹೆಚ್ಚು ಕಡಿಮೆ ಒಂದೇ ರೀತಿ ಕೆಟ್ಟಿರುತ್ತವೆ. ಅಡಿಕೆಯನ್ನು ತುಂಡರಿಸಿದರೆ ಒಳಗೂ ಹಸಿ ಕಾಣುತ್ತದೆ.

ಮೂರನೆಯದು, ಕಟ್ಟಿನ ದೋಷ. ಹಳೆಯ, ಹೊಲಿಗೆ ಬಿಟ್ಟ ಗೋಣಿಯಲ್ಲಿ ತುಂಬಿ ಕಳುಹಿಸಿದ್ದರಿಂದ ಚೆಲ್ಲಿದರೆ ಹಣವಿಲ್ಲ.

ನಾಲ್ಕನೆಯದು, ತಡ. ಲಾರಿ ಹತ್ತು ದಿನ ತಡವಾಗಿ ತಲುಪಿತು, ಅಷ್ಟರಲ್ಲಿ ಧಾರಣೆ ಇಳಿಯಿತು ಎಂದರೆ ಅದಕ್ಕೆ ಹಣವಿಲ್ಲ. ತಡವಾದುದು ಅಪಘಾತದಿಂದಲೇ ಆಗಿದ್ದರೂ ಇಲ್ಲ.

ಇವಲ್ಲದೆ ಗಲಭೆ, ಮುಷ್ಕರಗಳಿಂದಾಗುವ ಹಾನಿ ಎ ಪಾಲಿಸಿಯಲ್ಲಿಯೂ ತಾನಾಗಿ ಸೇರಿರುವುದಿಲ್ಲ. ಅದಕ್ಕೆ ಬೇರೆ ಷರತ್ತು ಸೇರಿಸಿ ಸ್ವಲ್ಪ ಹೆಚ್ಚು ಪ್ರೀಮಿಯಂ ಕೊಡಬೇಕು. ದೂರದ ರಾಜ್ಯಗಳಿಗೆ ಸರಕು ಕಳುಹಿಸುವವರು ಇದನ್ನು ಕೇಳಿ ಸೇರಿಸಿಕೊಳ್ಳುವುದು ಮೇಲು.

ಹಡಗಿನಲ್ಲಿ ಹೋಗುವ ಸರಕು

ಗೇರುಬೀಜ, ಮೆಣಸು ಮುಂತಾದವನ್ನು ಹೊರದೇಶದಿಂದ ತರಿಸುವ, ಕಳುಹಿಸುವ ವ್ಯವಹಾರದಲ್ಲಿರುವವರು ನಮ್ಮ ಓದುಗರ ನಡುವೆಯೂ ಇರುವುದರಿಂದ ಇದರ ಬಗ್ಗೆ ಒಂದೆರಡು ಮಾತು. ಹಡಗಿನ ಸರಕಿಗೂ ಎ, ಬಿ, ಸಿ ಎಂಬ ಮೂರು ಷರತ್ತುಗಳೇ. ಆದರೆ ಒಳಗಿನ ಪಟ್ಟಿ ಬೇರೆ. ಹಡಗು ಮುಳುಗುವುದು, ನೆಲ ಹಿಡಿಯುವುದು, ಬೆಂಕಿ, ಡಿಕ್ಕಿ, ಇವು ಅಲ್ಲಿ ಸಿ ಪಾಲಿಸಿಯಲ್ಲಿಯೂ ಸೇರಿವೆ. ಅಲೆಗೆ ಸಿಕ್ಕಿ ಸರಕು ಕಡಲಿಗೆ ಹೋಗುವುದು, ಕಡಲಿನ ಅಥವಾ ಹೊಳೆಯ ನೀರು ಒಳಗೆ ನುಗ್ಗುವುದು, ಇವಕ್ಕೆ ಬಿ ಬೇಕು. ಮಳೆಯ ನೀರು ಮತ್ತು ಕಳವಿಗೆ ಅಲ್ಲಿಯೂ ಎ ಪಾಲಿಸಿಯೇ ಬೇಕು. ನೆನೆದದ್ದು ಉಪ್ಪುನೀರಿನಿಂದಲೋ ಸಿಹಿನೀರಿನಿಂದಲೋ ಎಂಬುದನ್ನು ಸರ್ವೇಯರರು ಸಿಲ್ವರ್ ನೈಟ್ರೇಟ್ ದ್ರಾವಣದ ಒಂದು ತೊಟ್ಟು ಹಾಕಿ ನೋಡುತ್ತಾರೆ. ಉಪ್ಪಿದ್ದರೆ ಅದು ಹಾಲಿನಂತೆ ಬಿಳಿಯಾಗುತ್ತದೆ.

2025ನೇ ಇಸವಿಯಲ್ಲಿ ನಮ್ಮ ಕೇರಳದ ಕಡಲಿನಲ್ಲಿಯೇ ಎರಡು ದೊಡ್ಡ ಅವಘಡಗಳಾದುವು. ಮೇ 25ರಂದು ‘ಎಂ.ಎಸ್.ಸಿ. ಎಲ್ಸಾ 3’ ಎಂಬ ಹಡಗು 600ಕ್ಕೂ ಹೆಚ್ಚು ಕಂಟೈನರುಗಳೊಡನೆ ಕೊಚ್ಚಿಯ ಹೊರಗೆ ಮುಳುಗಿತು. ಕೆಲವು ಪೆಟ್ಟಿಗೆಗಳು ಕೊಲ್ಲಂ, ಆಲಪ್ಪುಳ ಕರಾವಳಿಗೆ ತೇಲಿ ಬಂದುವು. ಅದರಲ್ಲಿ ಗೇರುಬೀಜದ ಸರಕೂ ಇತ್ತು. ಜೂನ್ 9ರಂದು ‘ವಾನ್ ಹೈ 503’ ಎಂಬ ಹಡಗಿಗೆ ಕಣ್ಣೂರಿನಾಚೆಯ ಕಡಲಿನಲ್ಲಿ ಬೆಂಕಿ ಬಿತ್ತು. ಮುಳುಗುವುದು, ಬೆಂಕಿ, ಇವೆರಡೂ ಅತಿ ಚಿಕ್ಕ ಪಾಲಿಸಿಯಲ್ಲಿಯೂ ಸೇರಿದ ಅಪಾಯಗಳು. ಇಂತಹ ದೊಡ್ಡ ವಿಪತ್ತಿಗೆ ಮಿತ ರಕ್ಷಣೆ ಸಾಕಾಗುತ್ತದೆ. ಅದು ಕೈಬಿಡುವುದು ದಿನನಿತ್ಯದ ಚಿಕ್ಕ ನಷ್ಟಗಳಲ್ಲಿ: ನೆನೆದ ನಾಲ್ಕು ಚೀಲ, ಕಾಣೆಯಾದ ಎರಡು ಚೀಲ. ಲಾರಿಯ ಅಡಿಕೆಗೆ ಬರುವ ನಷ್ಟ ಹೆಚ್ಚಾಗಿ ಈ ಬಗೆಯದು ಎಂಬುದನ್ನು ನೆನಪಿಡಬೇಕು.

ಪಾಲಿಸಿ ಕೊಳ್ಳುವಾಗ

ವಿಮೆಯ ಮೊತ್ತ ಸರಕಿನ ಬೆಲೆಗೆ ಸಾಗಾಟದ ಬಾಡಿಗೆಯನ್ನು ಕೂಡಿಸಿದಷ್ಟು ಇರಬೇಕು. ಮೇಲಿನ ಲೆಕ್ಕದಲ್ಲಿ 26 ಲಕ್ಷಕ್ಕೆ 40,000 ಸೇರಿಸಿ 26,40,000. ಪ್ರೀಮಿಯಂ ಉಳಿಸಲು ಅರ್ಧ ಬೆಲೆಗೆ ವಿಮೆ ಮಾಡಿಸಿದರೆ, ನಷ್ಟವಾದಾಗಲೂ ಅರ್ಧವೇ ಸಿಗುತ್ತದೆ. ಉಳಿದರ್ಧಕ್ಕೆ ನೀವೇ ವಿಮಾದಾರರೆಂದು ಲೆಕ್ಕ.

ಒಂದೇ ಒಂದು ಲೋಡಿಗೂ ಪಾಲಿಸಿ ಕೊಳ್ಳಬಹುದು. ವರ್ಷದಲ್ಲಿ ಹಲವು ಬಾರಿ ಕಳುಹಿಸುವವರಿಗೆ ‘ಓಪನ್ ಪಾಲಿಸಿ’ ಅನುಕೂಲ. ವರ್ಷಕ್ಕೆ ಇಷ್ಟು ಮೊತ್ತವೆಂದು ಮೊದಲೇ ಮಾಡಿಸಿಟ್ಟು, ಪ್ರತಿ ಲೋಡನ್ನೂ ಕಳುಹಿಸಿದಂತೆ ವಿಮಾ ಕಚೇರಿಗೆ ತಿಳಿಸಬೇಕು. ಸುರಕ್ಷಿತವಾಗಿ ತಲುಪಿದ ಲೋಡನ್ನು ತಿಳಿಸದೆ, ಅಪಘಾತವಾದದ್ದನ್ನು ಮಾತ್ರ ತಿಳಿಸುವುದು ಕೆಲವರ ಜಾಣತನ. ಅದು ಹೊರಬಿದ್ದರೆ ಇಡೀ ಪಾಲಿಸಿಗೇ ಸಂಚಕಾರ. ವಿಮೆಯ ಕರಾರು ಪೂರ್ಣ ಪ್ರಾಮಾಣಿಕತೆಯ ಮೇಲೆ ನಿಂತಿದೆ. ಸರಕು ಯಾವುದು, ಕಟ್ಟು ಹೇಗೆ, ದಾರಿ ಯಾವುದು ಎಂಬುದನ್ನು ಇದ್ದದ್ದು ಇದ್ದಂತೆ ತಿಳಿಸಬೇಕು.

ರಕ್ಷಣೆಯ ಅವಧಿಯನ್ನೂ ತಿಳಿದಿರಬೇಕು. ಪಾಲಿಸಿಯಲ್ಲಿ ಹೆಸರಿಸಿದ ಬಂಡಸಾಲೆಯಿಂದ ಸರಕು ಹೊರಟಲ್ಲಿಂದ ಅದು ಸುರುವಾಗುತ್ತದೆ. ಆದುದರಿಂದ ಹೊರಡುವ ಜಾಗ ‘ಮಂಗಳೂರು’ ಎಂದು ಬರೆಸಿದರೆ ದೇಲಂಪಾಡಿಯಿಂದ ಮಂಗಳೂರಿನ ತನಕದ ದಾರಿಗೆ ರಕ್ಷಣೆಯಿಲ್ಲ. ನಮ್ಮ ಘಟ್ಟದ ತಿರುವುಗಳ ದಾರಿಯೂ ಸೇರಬೇಕಾದರೆ ಹೊರಡುವ ಜಾಗ ‘ದೇಲಂಪಾಡಿ’ ಎಂದೇ ಇರಬೇಕು. ಅತ್ತ ಕಡೆ ಸರಕು ಕೊನೆಯ ಬಂಡಸಾಲೆಗೆ ಮುಟ್ಟಿದಾಗ ರಕ್ಷಣೆ ಮುಗಿಯುತ್ತದೆ; ಇಲ್ಲವೇ ಲಾರಿ ಆ ಊರಿಗೆ ತಲುಪಿ 7 ದಿನ ಕಳೆದಾಗ ಮುಗಿಯುತ್ತದೆ. ಯಾವುದು ಮೊದಲೋ ಅದು. ದಲಾಲರು ಬಂದು ಬಿಡಿಸಿಕೊಳ್ಳದೆ ಸರಕು ಸಾಗಾಟ ಕಂಪೆನಿಯ ಗೋದಾಮಿನಲ್ಲಿ ಹತ್ತು ದಿನ ಬಿದ್ದಿದ್ದು ಎಂಟನೆಯ ದಿನ ನೆನೆದರೆ ವಿಮೆಯಿಂದ ಏನೂ ಸಿಗದು.

ನಷ್ಟವಾದಾಗ ಮಾಡಬೇಕಾದುದು

ಸರಕು ಇಳಿಯುವ ಜಾಗದಲ್ಲಿ ನೀವಿರುವುದಿಲ್ಲ, ದಲಾಲರಿರುತ್ತಾರೆ. ಆದುದರಿಂದ ಈ ಕ್ರಮವನ್ನು ಅವರಿಗೆ ಮೊದಲೇ ಪತ್ರ ಬರೆದು ತಿಳಿಸಿಡಬೇಕು.

ಮೊದಲನೆಯದು, ಲಾರಿ ರಸೀದಿಯಲ್ಲಿ ಷರಾ. ಚೀಲ ಇಳಿಸುವಾಗ ಎಣಿಸಬೇಕು, ಮುಟ್ಟಿ ನೋಡಬೇಕು. ನೆನೆದಿದ್ದರೆ, ಹರಿದಿದ್ದರೆ, ಕಡಿಮೆಯಿದ್ದರೆ, “100 ಚೀಲಗಳಲ್ಲಿ 18 ಚೀಲ ನೀರಿನಿಂದ ನೆನೆದಿವೆ” ಎಂದು ಎಲ್.ಆರ್. ಪ್ರತಿಯ ಮೇಲೆ ಬರೆದು ಚಾಲಕನ ಸಹಿ ಪಡೆಯಬೇಕು. “ಸರಿಯಾಗಿ ಮುಟ್ಟಿದೆ” ಎಂದು ಸಹಿ ಹಾಕಿಕೊಟ್ಟು ಮರುದಿನ ದೂರಿದರೆ ನಂಬಿಸುವುದು ಬಹಳ ಕಷ್ಟ. ಕ್ಲೇಮುಗಳು ಸೋಲುವುದು ಹೆಚ್ಚಾಗಿ ಈ ಒಂದು ಸಹಿಯಲ್ಲಿ. ಲಾರಿಯಿಂದ ಇಳಿಸುವ ಮೊದಲೇ ಟಾರ್ಪಾಲಿನ ಮತ್ತು ಚೀಲಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟರೆ ಅದು ಸಾಕ್ಷಿಯಾಗುತ್ತದೆ.

ಎರಡನೆಯದು, ಅದೇ ದಿನ ವಿಮಾ ಕಂಪೆನಿಗೆ ತಿಳಿಸುವುದು. ಪಾಲಿಸಿ ನಂಬ್ರ, ಲಾರಿ ನಂಬ್ರ, ಎಲ್.ಆರ್. ನಂಬ್ರ, ಸರಕು ಇರುವ ಜಾಗ, ಅಂದಾಜು ನಷ್ಟ ಇಷ್ಟನ್ನು ಬರೆದು ಸರ್ವೇಯರರನ್ನು ಕಳುಹಿಸಲು ಕೇಳಬೇಕು. ಸರ್ವೇಯರರು ನೋಡುವ ತನಕ ಹಾಳಾದ ಸರಕನ್ನು ಮಾರಬಾರದು, ಎಸೆಯಬಾರದು. ಆದರೆ ಸುಮ್ಮನೆ ಕೈಕಟ್ಟಿ ಕುಳಿತುಕೊಳ್ಳಲೂ ಬಾರದು. ವಿಮೆಯೇ ಇಲ್ಲದಿದ್ದರೆ ಏನು ಮಾಡುತ್ತಿದ್ದೆವೋ ಅದನ್ನು ಮಾಡಬೇಕೆಂದು ಕಾನೂನು ಹೇಳುತ್ತದೆ. ನೆನೆದ ಚೀಲಗಳನ್ನು ಬೇರ್ಪಡಿಸಿ, ಬಿಚ್ಚಿ ಹರವಿ ಒಣಗಿಸಬೇಕು. ಇದಕ್ಕಾದ ನ್ಯಾಯವಾದ ಕೂಲಿಯನ್ನು ವಿಮೆಯಿಂದ ಕೇಳಬಹುದು. ಕೂಲಿಯ ಚೀಟಿ ಇಟ್ಟುಕೊಳ್ಳಿ.

ಮೂರನೆಯದು, ಸಾಗಾಟ ಕಂಪೆನಿಗೆ ಲಿಖಿತ ನೋಟೀಸು. ಇದನ್ನು ಬಹಳ ಮಂದಿ ಮರೆಯುತ್ತಾರೆ. 2007ರ ಕಾಯಿದೆಯಂತೆ, ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ನಷ್ಟದ ಬಗ್ಗೆ ಲಿಖಿತ ನೋಟೀಸು ಕೊಡದಿದ್ದರೆ ಸಾಗಾಟ ಕಂಪೆನಿಯ ಮೇಲೆ ದಾವೆ ಹೂಡುವಂತಿಲ್ಲ. ನೆನಪಿಡಿ: ಸರಕು ತಲುಪಿದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ. ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ರೈಲಿನಲ್ಲಿ ಕಳುಹಿಸಿದ್ದರೆ ರೈಲ್ವೆಗೆ ಕೊಡುವ ನೋಟೀಸಿಗೆ ಸರಕು ಒಪ್ಪಿಸಿದಲ್ಲಿಂದ 6 ತಿಂಗಳ ಗಡು.

“ವಿಮೆಯವರು ಕೊಡುವಾಗ ಲಾರಿಯವರಿಗೆ ನೋಟೀಸು ಯಾಕೆ?” ಎಂದು ಕೇಳಬಹುದು. ವಿಮಾ ಕಂಪೆನಿ ನಿಮಗೆ ಹಣ ಕೊಟ್ಟ ಮೇಲೆ, ಸಾಗಾಟ ಕಂಪೆನಿಯಿಂದ ವಸೂಲು ಮಾಡುವ ನಿಮ್ಮ ಹಕ್ಕು ಅದಕ್ಕೆ ಸೇರುತ್ತದೆ. ನೋಟೀಸು ಕೊಡದೆ ಆ ಹಕ್ಕನ್ನು ನೀವು ಕಳೆದಿದ್ದರೆ ಕಂಪೆನಿ ಅಷ್ಟರ ಮಟ್ಟಿಗೆ ನಿಮ್ಮ ಹಣ ಕಡಿತ ಮಾಡಲು ಕಾರಣ ಸಿಕ್ಕಿತು. ಅಂತೆಯೇ, ಲಾರಿಯವರು ಐದೋ ಹತ್ತೋ ಸಾವಿರ ಕೈಗಿಟ್ಟು, “ಲೆಕ್ಕ ಚುಕ್ತಾ” ಎಂದು ಬರೆಸಿಕೊಳ್ಳಲು ಬಂದರೆ ವಿಮಾ ಕಂಪೆನಿಯನ್ನು ಕೇಳದೆ ಸಹಿ ಹಾಕಬೇಡಿ.

ನಾಲ್ಕನೆಯದು, ಕಾಗದಗಳು. ಪಾಲಿಸಿ, ಬಿಲ್ಲು ಮತ್ತು ಚೀಲಗಳ ತೂಕದ ಪಟ್ಟಿ, ಇ-ವೇ ಬಿಲ್, ಷರಾ ಬರೆದ ಎಲ್.ಆರ್., ಸಾಗಾಟ ಕಂಪೆನಿಯಿಂದ ಪಡೆದ ಹಾನಿಯ ಅಥವಾ ಕೊರತೆಯ ಸರ್ಟಿಫಿಕೇಟು, ನೋಟೀಸಿನ ಪ್ರತಿ ಮತ್ತು ಸ್ವೀಕೃತಿ, ಸರ್ವೇ ವರದಿ, ಕೊನೆಗೆ ನಿಮ್ಮ ಕ್ಲೇಮು ಬಿಲ್ಲು. ಕಳವಾಗಿದ್ದರೆ ಪೋಲೀಸು ಠಾಣೆಯ ಎಫ್.ಐ.ಆರ್. ಪ್ರತಿ, ಲಾರಿ ಅಪಘಾತವಾಗಿದ್ದರೆ ಅದರ ಪೋಲೀಸು ದಾಖಲೆ ಬೇಕು. ಸರಕು ಪೂರ್ತಿ ಕಾಣೆಯಾಗಿದ್ದರೆ ‘ಮುಟ್ಟಿಸಿಲ್ಲ’ ಎಂಬ ಸರ್ಟಿಫಿಕೇಟನ್ನು ಸಾಗಾಟ ಕಂಪೆನಿಯಿಂದ ಪಡೆಯಬೇಕು. ಹೊರಡುವಾಗ ವೇ ಬ್ರಿಜ್ಜಿನಲ್ಲಿ ತೂಗಿಸಿದ ಚೀಟಿ ಇದ್ದರೆ ಕೊರತೆಯ ವಾದಕ್ಕೆ ಅದು ದೊಡ್ಡ ಬಲ.

ಒಂದು ಕ್ಲೇಮಿನ ಲೆಕ್ಕ

ಹಣ ಹೇಗೆ ಲೆಕ್ಕವಾಗುತ್ತದೆಂಬುದನ್ನು ಮೊದಲಿನ ಉದಾಹರಣೆಯಲ್ಲೇ ನೋಡೋಣ. 100 ಚೀಲ, ವಿಮೆಯ ಮೊತ್ತ 26,40,000. ಅಂದರೆ ಚೀಲಕ್ಕೆ 26,400. ಪಾಲಿಸಿ ಎ ಬಗೆಯದು. ಅಹಮದಾಬಾದಿಗೆ ತಲುಪುವಾಗ 18 ಚೀಲ ಮಳೆಗೆ ನೆನೆದಿದ್ದುವು. ಈ 18 ಚೀಲಗಳ ವಿಮಾ ಮೌಲ್ಯ 4,75,200.

ಅಡಿಕೆ ಪೂರ್ತಿ ನಾಶವಾಗಿಲ್ಲ, ಬಣ್ಣಗೆಟ್ಟು ಬೆಲೆ ಇಳಿದಿದೆ. ಸರ್ವೇಯರರು ಅಲ್ಲಿನ ಪೇಟೆಯಲ್ಲಿ ಒಳ್ಳೆಯ ಚಾಲಿಗೆ ಆ ದಿನ ಎಷ್ಟು, ಈ ಕೆಟ್ಟ ಅಡಿಕೆಗೆ ಎಷ್ಟು ಎಂದು ವಿಚಾರಿಸುತ್ತಾರೆ. ಒಳ್ಳೆಯದಕ್ಕೆ 440, ಕೆಟ್ಟದ್ದಕ್ಕೆ 275 ಎಂದಿಟ್ಟುಕೊಳ್ಳಿ. ಇಳಿದದ್ದು 165. ಅದು 440ರ ಎಂಟರಲ್ಲಿ ಮೂರು ಪಾಲು. ಈ ಪಾಲನ್ನು ವಿಮಾ ಮೌಲ್ಯಕ್ಕೆ ಹಾಕಬೇಕು: 4,75,200ರ ಎಂಟರಲ್ಲಿ ಮೂರು ಪಾಲು ಎಂದರೆ 1,78,200 ರೂಪಾಯಿ.

ಇದರಿಂದ ‘ಎಕ್ಸೆಸ್’ ಎಂದು ಪಾಲಿಸಿಯಲ್ಲಿ ಬರೆದ ಭಾಗವನ್ನು ಕಳೆಯುತ್ತಾರೆ. ಪ್ರತಿ ನಷ್ಟದಲ್ಲಿಯೂ ನಾವೇ ಹೊರಬೇಕಾದ ಮೊದಲ ಪಾಲು ಅದು. ಲೋಡಿನ ವಿಮಾ ಮೊತ್ತದ ನೂರಕ್ಕೆ ಅರ್ಧದಷ್ಟು ಎಂದು ಬರೆದಿದ್ದರೆ 13,200. ಉಳಿದದ್ದು 1,65,000. ಕೆಟ್ಟ ಅಡಿಕೆ ಮಾರಿ ಬಂದ ಹಣ ಹೇಗೂ ನಿಮ್ಮದೇ. ಒಣಗಿಸಿದ ಕೂಲಿಯನ್ನು ಬೇರೆಯೇ ಕೇಳಬಹುದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಲೆಕ್ಕ ನಡೆದದ್ದು ಬೆಲೆಯ ಇಳಿತದ ಪಾಲಿನ ಮೇಲೆ; ಆದುದರಿಂದ ಸರಕು ಹೊರಟ ಮೇಲೆ ಧಾರಣೆ ಏರಲಿ ಇಳಿಯಲಿ, ಅದು ಕ್ಲೇಮಿನ ಲಾಭವೂ ಅಲ್ಲ, ನಷ್ಟವೂ ಅಲ್ಲ. ಇನ್ನೊಂದು, ಇದೇ ನಷ್ಟ ಬಿ ಪಾಲಿಸಿಯಲ್ಲಾಗಿದ್ದರೆ ಕೊನೆಯ ಸಾಲಿನಲ್ಲಿ ಸೊನ್ನೆ. ಹಾಗಾದಲ್ಲಿ ಉಳಿಯುವ ದಾರಿ ಸಾಗಾಟ ಕಂಪೆನಿಯದು ಮಾತ್ರ. ಬಾಡಿಗೆಯ ಹತ್ತು ಪಟ್ಟು 4 ಲಕ್ಷವಾದುದರಿಂದ ಈ ಗಾತ್ರದ ನಷ್ಟ ಆ ಮಿತಿಯೊಳಗೆ ಬರುತ್ತದೆ. ನಮ್ಮ ಪ್ರಶ್ನೆಕಾರರು ಸರಕು ಬುಕ್ ಮಾಡಿ 180 ದಿನ ಆಗಿಲ್ಲವಾದರೆ ಇಂದೇ ಸಾಗಾಟ ಕಂಪೆನಿಗೆ ನೋಟೀಸು ಕಳುಹಿಸಲಿ. “ವಿಮೆ ಉಂಟಲ್ಲ” ಎಂದು ಹೇಳಿ ಜಾರಿಕೊಳ್ಳುವ ಹಕ್ಕು ಅವರಿಗಿಲ್ಲ. ನಾವು ಮಾಡಿಸಿದ ವಿಮೆ ನಮ್ಮ ರಕ್ಷಣೆಗೆ, ಅವರ ರಕ್ಷಣೆಗಲ್ಲ.

ಕ್ಲೇಮು ತಿರಸ್ಕಾರವಾದರೆ

ತಿರಸ್ಕರಿಸಿದ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಸರ್ವೇ ವರದಿಯ ಪ್ರತಿಯನ್ನೂ ಕೇಳಬೇಕು. ಮೊದಲು ಆ ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅಲ್ಲಿಯೂ ಸಮಾಧಾನವಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಎಂಬ ಅಧಿಕಾರಿಯಿದ್ದಾರೆ. ಸ್ವಂತ ಹೆಸರಿನಲ್ಲಿ ಸಣ್ಣ ವ್ಯವಹಾರ ಮಾಡುವವರು ಒಂದು ವರ್ಷದೊಳಗೆ ಅವರಲ್ಲಿಗೆ ದೂರು ಒಯ್ಯಬಹುದು. ಶುಲ್ಕವಿಲ್ಲ, ವಕೀಲರು ಬೇಡ.

ಗಡಿನಾಡಿನವರಿಗೆ ಇಲ್ಲೊಂದು ಅನುಕೂಲವಿದೆ. ದೂರನ್ನು ನೀವು ವಾಸವಾಗಿರುವ ಊರು ಯಾರ ವ್ಯಾಪ್ತಿಗೆ ಬರುತ್ತದೋ ಅವರಲ್ಲಿಯೂ ಕೊಡಬಹುದು, ಪಾಲಿಸಿ ಕೊಟ್ಟ ಕಚೇರಿ ಯಾರ ವ್ಯಾಪ್ತಿಯಲ್ಲಿದೆಯೋ ಅವರಲ್ಲಿಯೂ ಕೊಡಬಹುದು. ದೇಲಂಪಾಡಿಯಲ್ಲಿದ್ದು ಪಾಲಿಸಿಯನ್ನು ಮಂಗಳೂರಿನಲ್ಲಿ ಕೊಂಡವರಿಗೆ ಕೊಚ್ಚಿ ಮತ್ತು ಬೆಂಗಳೂರು ಎಂಬ ಎರಡು ಬಾಗಿಲುಗಳಿವೆ. ಕನ್ನಡದಲ್ಲಿ ವ್ಯವಹರಿಸುವುದು ಸುಲಭವೆನಿಸುವವರು ಎರಡನೆಯದನ್ನು ಆರಿಸಿಕೊಳ್ಳಬಹುದು. ಇದಲ್ಲದೆ ಜಿಲ್ಲಾ ಬಳಕೆದಾರರ ಆಯೋಗವಿದೆ. ಅಲ್ಲಿ ದೂರಿಗೆ ಎರಡು ವರ್ಷಗಳ ಗಡು.

ಪ್ರಶ್ನೆ ಕೇಳಿದ ಮಹನೀಯರಿಗೆ ಕೊನೆಯದಾಗಿ ಒಂದು ಮಾತು. ಮುಂದಿನ ಲೋಡು ಹೊರಡುವ ಮೊದಲು ವಿಮಾ ಕಚೇರಿಯಲ್ಲಿ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಪಾಲಿಸಿಯ ಕಾಗದದಲ್ಲಿ ಬೆರಳಿಟ್ಟು ತೋರಿಸಲು ಹೇಳಿ: ಷರತ್ತು ಎಯೋ ಬಿಯೋ? ಹೊರಡುವ ಜಾಗ ಯಾವುದೆಂದು ಬರೆದಿದೆ? ಎಕ್ಸೆಸ್ ಎಷ್ಟು? ಈ ಮೂರನ್ನು ನೋಡಿಕೊಂಡು ಸಹಿ ಹಾಕಿದರೆ, “ನಾನು ಹಣ ಕಟ್ಟಿದ್ದು ಯಾತಕ್ಕೆ?” ಎಂದು ಆಮೇಲೆ ಕೇಳುವ ಪ್ರಸಂಗ ಬಾರದು.